ಅಜ್ಜಿಯ ನುಡಿನಮನ ಫಾರ್ಸಿಯಲ್ಲಿ: ಪದೇ ಪದೇ ಕೇಳುವ ಪ್ರಶ್ನೆಗಳು

ಕನ್ನಡದಲ್ಲಿ ಬರೆದ ನುಡಿನಮನವನ್ನು ಫಾರ್ಸಿಗೆ ತರುವ ಕೆಲಸ ಬೆಂಗಳೂರಿನಲ್ಲಿ ಅಪರೂಪವೇನಲ್ಲ. ಓದಲು ಬಂದ ಇರಾನಿನವರು ಇಲ್ಲಿಯೇ ಮದುವೆಯಾಗಿ ನೆಲೆಸುತ್ತಾರೆ, ಇಲ್ಲಿಯ ಮಕ್ಕಳು ಅಲ್ಲಿಯ ಮನೆಗಳಿಗೆ ಅಳಿಯ ಸೊಸೆಯರಾಗಿ ಹೋಗುತ್ತಾರೆ. ಕೆಳಗಿನ ಉತ್ತರಗಳೆಲ್ಲ ಒಂದೇ ಬಗೆಯ ಸಂದರ್ಭವನ್ನು ಮುಂದಿಟ್ಟುಕೊಂಡಿವೆ. ಹನುಮಂತನಗರದ ವೈಷ್ಣವ ಮನೆಯೊಂದರ ಅಜ್ಜಿ ತೀರಿಕೊಂಡಿದ್ದಾರೆ, ಮೊಮ್ಮಗನ ಹೆಂಡತಿ ಇಸ್ಫಹಾನಿನವಳು, ವೈಕುಂಠ ಸಮಾರಾಧನೆಯ ದಿನ ಬೀಗರು ಫೋನಿನಲ್ಲಿ ಕೂತು ಕೇಳಲಿದ್ದಾರೆ. ಅಜ್ಜಿ ಬೇರೆ ಮತದವರಾದರೆ ಏನು ಬದಲಾಗುತ್ತದೆ ಎಂಬುದನ್ನೂ ಅಲ್ಲಲ್ಲಿ ಹೇಳಿದ್ದೇನೆ. ಫಾರ್ಸಿಯ ಮಾತುಗಳನ್ನು ಕನ್ನಡ ಲಿಪಿಯಲ್ಲಿಯೇ ಕೊಟ್ಟಿದ್ದೇನೆ.

ಅನುವಾದಕ್ಕೆ ಕೈಹಾಕುವ ಮೊದಲು ಮನೆಯವರನ್ನು ಏನು ಕೇಳಬೇಕು?

ಮೂರು ವಿಷಯಗಳು ಗೊತ್ತಿರಬೇಕು. ಅಜ್ಜಿ ದೇವರನ್ನು ಯಾವ ಹೆಸರಿನಿಂದ ಕರೆಯುತ್ತಿದ್ದರು, ಅಂತ್ಯಸಂಸ್ಕಾರ ಹೇಗಾಯಿತು, ಕೇಳುವವರಲ್ಲಿ ಹಿರಿಯರು ಯಾರು. ಮೂರನೆಯದನ್ನು ಬಹಳ ಮಂದಿ ಕೇಳುವುದೇ ಇಲ್ಲ. ಇಸ್ಫಹಾನಿನ ಮನೆಯಲ್ಲಿ ಎಂಬತ್ತು ದಾಟಿದ, ನಮಾಜು ತಪ್ಪಿಸದ ಅಜ್ಜಿಯೊಬ್ಬರು ಕೂತಿದ್ದರೆ ಭಾಷೆ ಒಂದು ಬಗೆಯದಾಗಬೇಕು. ಸೊಸೆಯ ಓರಗೆಯ ಗೆಳತಿಯರಷ್ಟೇ ಕೇಳುವುದಾದರೆ ಅಷ್ಟು ಬಿಗಿ ಬೇಕಿಲ್ಲ. ಎರಡನೆಯದು ತಿಳಿಯದೆ ಬರೆದರೆ ಏನಾಗುತ್ತದೆ ಎಂಬುದನ್ನು ಮುಂದೆ ನೋಡುತ್ತೀರಿ.

‘ವೈಕುಂಠವಾಸಿಗಳಾದರು’ ಎಂಬುದನ್ನು ಫಾರ್ಸಿಯಲ್ಲಿ ಹೇಗೆ ಹೇಳುವುದು?

ಕನ್ನಡದಲ್ಲಿ ತೀರಿಕೊಂಡರು, ದೈವಾಧೀನರಾದರು, ವೈಕುಂಠವಾಸಿಗಳಾದರು, ಶಿವೈಕ್ಯರಾದರು ಎಂಬ ಮಾತುಗಳಲ್ಲಿ ಯಾವುದನ್ನು ಆರಿಸಿದರೂ ಮನೆತನದ ಆಚಾರ ತಾನಾಗಿ ತಿಳಿದುಬಿಡುತ್ತದೆ. ಫಾರ್ಸಿಯಲ್ಲಿಯೂ ಹಾಗೆಯೇ. ಆದ್ದರಿಂದ ಇರಾನಿನ ಯಾವುದೋ ಮರಣವಾರ್ತೆಯಿಂದ ಚೆಂದದ ಸಾಲೊಂದನ್ನು ಎತ್ತಿಕೊಳ್ಳುವುದು ಅಪಾಯಕರ. ‘ದಅವತೆ ಹಘ್ ರಾ ಲಬ್ಬೈಕ್ ಗೊಫ್ತಂದ್’ ಎಂಬ ಮಾತು ಅಂಥ ಪ್ರಕಟಣೆಗಳಲ್ಲಿ ಮೇಲಿಂದ ಮೇಲೆ ಕಾಣುತ್ತದೆ. ಪರಮಸತ್ಯದ ಕರೆಗೆ ಓಗೊಟ್ಟರು ಎಂಬುದು ಅದರ ತಾತ್ಪರ್ಯ. ಆದರೆ ಲಬ್ಬೈಕ್ ಎನ್ನುವುದು ಹಜ್ ಯಾತ್ರಿಕರ ಘೋಷ, ಹನುಮಂತನಗರದ ಅಜ್ಜಿಯ ಬಗ್ಗೆ ಅದನ್ನು ಓದಿದರೆ ಕೇಳುವವರು ಅವರನ್ನು ಮುಸ್ಲಿಮರೆಂದೇ ತಿಳಿಯುತ್ತಾರೆ.

ಇನ್ನೊಂದು ಕೊನೆಯಲ್ಲಿ ‘ದರ್‌ಗೊಜ಼ಶ್ತಂದ್’ ಇದೆ. ಅದರಲ್ಲಿ ತಪ್ಪಿಲ್ಲ, ಪತ್ರಿಕೆಗಳು ಬಳಸುವ ಗೌರವದ ಮಾತು, ಆದರೆ ಅದರಲ್ಲಿ ದೇವರೇ ಇಲ್ಲ. ನಿತ್ಯ ದೀಪ ಹಚ್ಚಿದ ಹೆಂಗಸಿನ ನುಡಿನಮನ ಹೀಗೆ ಒಣಗಬಾರದು ಎಂಬುದು ನನ್ನ ಅಭಿಪ್ರಾಯ. ಅದೃಷ್ಟಕ್ಕೆ ಫಾರ್ಸಿಯಲ್ಲಿ ಭಕ್ತಿಯುಳ್ಳ, ಆದರೆ ಒಂದೇ ಮತಕ್ಕೆ ಕಟ್ಟುಬೀಳದ ನಡುವಣ ಮಾತುಗಳು ಬೇಕಾದಷ್ಟಿವೆ. ‘ಜಾನ್ ಬೆ ಜಾನ್‌ಆಫರೀನ್ ತಸ್ಲೀಮ್ ಕರ್ದಂದ್’ ಎಂದರೆ ಪ್ರಾಣವನ್ನು ಸೃಷ್ಟಿಸಿದವನಿಗೇ ಅದನ್ನು ಒಪ್ಪಿಸಿದರು ಎಂದು. ‘ದಾರೆ ಫಾನೀ ರಾ ವೆದಾಅ್ ಗೊಫ್ತಂದ್’ ಎಂದರೆ ನಶ್ವರವಾದ ಈ ಮನೆಗೆ ವಿದಾಯ ಹೇಳಿದರು ಎಂದು. ವೈಷ್ಣವ ಅಜ್ಜಿಗೆ ಮೊದಲನೆಯದು ಚೆನ್ನಾಗಿ ಹೊಂದುತ್ತದೆ. ‘ವೈಕುಂಠ’ದ ಜಾಗದಲ್ಲಿ ‘ಬೆಹೆಶ್ತ್’ ಎಂದು ಬರೆಯಬೇಕೆಂದು ಕೆಲವರು ಪಟ್ಟುಹಿಡಿಯುತ್ತಾರೆ. ಬೆಹೆಶ್ತ್ ಕೇಳುವವರ ಸ್ವರ್ಗವೇ ಹೊರತು ಅಜ್ಜಿಯ ವೈಕುಂಠವಲ್ಲ, ನಾನು ಅದನ್ನು ಬಿಡುತ್ತೇನೆ.

ಹೆಸರಿನ ಹಿಂದೆ ಹಾಕುವ ‘ದಿವಂಗತ’ಕ್ಕೂ ಇದೇ ಲೆಕ್ಕ. ಮುಸ್ಲಿಂ ಹೆಂಗಸಿಗೆ ‘ಮರ್ಹೂಮೆ’ ಸಹಜ. ನಮ್ಮ ಅಜ್ಜಿಗೆ ‘ಶಾದ್‌ರವಾನ್’ ಸರಿ. ಅದು ಅಚ್ಚ ಫಾರ್ಸಿ ಮಾತು, ಆತ್ಮ ಸಂತೋಷದಿಂದಿರುವವರು ಎಂಬ ಅರ್ಥದ್ದು, ಯಾವ ಮತದವರಿಗೂ ಸಲ್ಲುತ್ತದೆ.

ಅಗ್ನಿಸಂಸ್ಕಾರವನ್ನು ಹೇಳಬೇಕೆ? ಹೇಳಿದರೆ ಕೇಳುವವರಿಗೆ ಆಘಾತವಾಗುವುದಿಲ್ಲವೆ?

ಇಸ್ಲಾಮಿನಲ್ಲಿ ದೇಹವನ್ನು ಸುಡುವುದು ನಿಷಿದ್ಧ. ಆದ್ದರಿಂದ ಈ ಸಾಲು ಬಂದಾಗ ಬೀಗರ ಮನೆಯಲ್ಲಿ ಒಂದು ಕ್ಷಣ ಮೌನವಾಗಬಹುದು. ಹಾಗೆಂದು ಅದನ್ನು ಮುಚ್ಚಿಡಬೇಕಿಲ್ಲ, ಹೇಳುವ ಬಗೆಯನ್ನು ನೋಡಿಕೊಳ್ಳಬೇಕು. ಫಾರ್ಸಿಯಲ್ಲಿ ಸುಡುವುದಕ್ಕೆ ನಿಘಂಟು ಕೊಡುವ ‘ಜಸದ್‌ಸೂಜ಼ೀ’ ಎಂಬ ಮಾತು ಹೆಣ ಸುಡುವುದು ಎಂದಷ್ಟೇ ಒರಟಾಗಿದೆ. ಅದನ್ನು ನುಡಿನಮನದಲ್ಲಿ ತರಕೂಡದು. ಮಣ್ಣು ಮಾಡಿದುದನ್ನು ಇರಾನಿನವರು ‘ಬೆ ಖಾಕ್ ಸೆಪೊರ್ದೆ ಶೊದ್’ ಎನ್ನುತ್ತಾರೆ, ಅಂದರೆ ಮಣ್ಣಿನ ವಶಕ್ಕೆ ಒಪ್ಪಿಸಲಾಯಿತು. ಅದೇ ಅಚ್ಚಿನಲ್ಲಿ ‘ಪೈಕರೆಶಾನ್ ಬೆ ಆಯೀನೆ ಹೆಂದೂ ಬೆ ಆತಶ್ ಸೆಪೊರ್ದೆ ಶೊದ್’ ಎಂದರೆ, ಅವರ ದೇಹವನ್ನು ಹಿಂದೂ ವಿಧಿಯಂತೆ ಅಗ್ನಿಗೆ ಒಪ್ಪಿಸಲಾಯಿತು ಎಂದು ತಿಳಿಯುತ್ತದೆ ಮತ್ತು ಗೌರವ ಕೆಡುವುದಿಲ್ಲ. ‘ಪೈಕರ್’ ಎಂಬುದನ್ನು ಗಮನಿಸಿ. ದೇಹಕ್ಕೆ ‘ಜಸದ್’ ಎಂದರೆ ಶವವಾಗುತ್ತದೆ, ಪೈಕರ್ ಎಂದರೆ ಪಾರ್ಥಿವ ಶರೀರ.

ಅಸ್ಥಿಯನ್ನು ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಯಲ್ಲಿ ಬಿಟ್ಟಿದ್ದರೆ ಅದೇ ಕ್ರಿಯಾಪದವನ್ನು ಮುಂದುವರಿಸಿ, ಬೂದಿಯನ್ನು ಕಾವೇರಿಯ ನೀರಿಗೆ ಒಪ್ಪಿಸಲಾಯಿತು ಎಂದು ಬರೆಯಬಹುದು. ಇಷ್ಟೇ ಮುಖ್ಯವಾದ ಇನ್ನೊಂದು ಮಾತಿದೆ. ಗೋರಿಯ ಮೇಲೆ ಬೆಳಕು ಸುರಿಯಲಿ, ಸಮಾಧಿ ತಂಪಾಗಿರಲಿ ಎಂಬಂಥ ಹಾರೈಕೆಗಳು ಫಾರ್ಸಿಯಲ್ಲಿ ಎಷ್ಟೇ ಹೃದ್ಯವಾಗಿದ್ದರೂ ಗೋರಿಯೇ ಇಲ್ಲದ ಅಜ್ಜಿಗೆ ಅವು ಸಲ್ಲವು. ಅನುವಾದದಲ್ಲಿ ‘ಘಬ್ರ್’ ಅಥವಾ ‘ಮಜ಼ಾರ್’ ಎಂಬ ಪದ ಎಲ್ಲಾದರೂ ನುಸುಳಿದೆಯೆ ಎಂದು ಕೊನೆಯಲ್ಲಿ ಒಮ್ಮೆ ಹುಡುಕಿ ನೋಡಿ.

ಪೂಜೆ, ವಿಗ್ರಹ, ಮನೆದೇವರು, ತುಳಸಿ ಇವುಗಳನ್ನು ಹೇಗೆ ತಿಳಿಸುವುದು?

ಪೂಜೆಗೆ ‘ನಮಾಜ಼್’ ಎನ್ನಲಾಗದು, ಅದು ಇಸ್ಲಾಮಿನ ನಿಯತ ಪ್ರಾರ್ಥನೆ. ‘ನಿಯಾಯೆಶ್’ ಎಂಬುದು ಯಾವ ಮತದ ಪ್ರಾರ್ಥನೆಗೂ ಸಲ್ಲುವ ಹಳೆಯ ಫಾರ್ಸಿ ಪದ, ದೇವರ ಕೋಣೆಯನ್ನು ‘ಒತಾಘೆ ನಿಯಾಯೆಶ್’ ಎಂದರೆ ಅರ್ಥವಾಗುತ್ತದೆ. ದೇವಸ್ಥಾನಕ್ಕೆ ‘ಮಅಬದ್’ ಎಂಬುದೇ ಬಳಕೆಯಲ್ಲಿದೆ. ವಿಗ್ರಹದ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ನಿಘಂಟು ತೆರೆದರೆ ಮೊದಲು ಸಿಗುವ ‘ಬೊತ್’ ಎಂಬ ಪದ ಧಾರ್ಮಿಕ ಸಂದರ್ಭದಲ್ಲಿ ನಿಂದೆಯ ಮಾತು. ‘ತಂದೀಸ್’ ಅಥವಾ ‘ತೆಮ್ಸಾಲ್’ ಎಂದರೆ ಗೌರವವಿರುತ್ತದೆ.

‘ಮನೆದೇವರು ತಿರುಪತಿ ವೆಂಕಟೇಶ್ವರ’ ಎಂಬುದನ್ನು ಪದಶಃ ತಂದರೆ, ಈ ಮನೆಗೆ ಒಬ್ಬ ದೇವರು ಪಕ್ಕದ ಮನೆಗೆ ಇನ್ನೊಬ್ಬ ಎಂಬಂತೆ ಕೇಳಿ, ಏಕದೇವ ನಂಬಿಕೆಯವರಿಗೆ ಗೊಂದಲವಾಗುತ್ತದೆ. ನಾನು ಸಾಮಾನ್ಯವಾಗಿ ವೆಂಕಟೇಶ್ವರ ಎಂಬ ಹೆಸರನ್ನು ಹಾಗೆಯೇ ಇಟ್ಟು, ‘ನಾಮೀ ಕೆ ಈಶಾನ್ ಖೊದಾ ರಾ ಬೆ ಆನ್ ಮೀಖಾಂದಂದ್’ ಎಂದು ಸೇರಿಸುತ್ತೇನೆ. ಅವರು ದೇವರನ್ನು ಕರೆಯುತ್ತಿದ್ದ ಹೆಸರು ಎಂದು ಅದರ ಅರ್ಥ. ಅಜ್ಜಿಯ ದೇವರೂ ಉಳಿಯುತ್ತಾನೆ, ಕೇಳುವವರಿಗೂ ದಾರಿ ಸಿಗುತ್ತದೆ.

ತುಳಸಿಯನ್ನು ‘ರೈಹಾನ್’ ಎಂದು ಬರೆದರೆ ಸಸ್ಯಶಾಸ್ತ್ರದ ಲೆಕ್ಕದಲ್ಲಿ ಹತ್ತಿರವೇ. ಆದರೆ ರೈಹಾನ್ ಎಂದರೆ ಇರಾನಿನ ಊಟದಲ್ಲಿ ರೊಟ್ಟಿಯ ಪಕ್ಕ ಹಸಿಯಾಗಿ ಇಡುವ ಸೊಪ್ಪು. ಅಜ್ಜಿ ದಿನಾ ಬೆಳಗ್ಗೆ ಸೊಪ್ಪಿಗೆ ಪ್ರದಕ್ಷಿಣೆ ಹಾಕುತ್ತಿದ್ದರು ಎಂದು ಬೀಗಿತ್ತಿ ತಿಳಿಯುವುದು ಬೇಡ. ತೊಲ್ಸಿ ಎಂದೇ ಬರೆದು, ಹಿಂದೂ ಮನೆಗಳ ಅಂಗಳದ ಪವಿತ್ರ ಗಿಡ ಎಂದು ಒಂದು ಸಲ ಹೇಳಿದರೆ ಸಾಕು.

ಒಂದು ಭಾಗವನ್ನು ಪೂರ್ತಿ ಮಾಡಿ ತೋರಿಸಬಹುದೆ?

ಕನ್ನಡದ ಮೂಲ ಹೀಗಿದೆ ಎಂದಿಟ್ಟುಕೊಳ್ಳಿ:

‘ನಮ್ಮ ಅಜ್ಜಿ ಜನವರಿ 12ರ ಬೆಳಗಿನ ಜಾವ ವೈಕುಂಠವಾಸಿಗಳಾದರು. ಇದ್ದಷ್ಟು ದಿನವೂ ತುಳಸಿಗೆ ನೀರೆರೆದು ದೇವರಿಗೆ ದೀಪ ಹಚ್ಚದೆ ಕಾಫಿ ಲೋಟ ಮುಟ್ಟಿದವರಲ್ಲ. ಈ ಮನೆಯ ಬಾಗಿಲಿಗೆ ಬಂದವರು ಹಸಿದು ಹೋದದ್ದು ನಮಗೆ ನೆನಪಿಲ್ಲ. “ಊಟ ಆಯ್ತೇನೇ ತಾಯಿ?” ಎಂಬುದು ಅವರ ಮೊದಲ ಮಾತು. ಅವರ ಋಣವನ್ನು ನಾವು ತೀರಿಸಲಾರೆವು. ಅವರ ಆತ್ಮಕ್ಕೆ ಸದ್ಗತಿ ದೊರೆಯಲಿ.’

ಫಾರ್ಸಿಯಲ್ಲಿ:

‘ಮಾದರ್‌ಬೊಜ಼ೊರ್ಗೆ ಅಜ಼ೀಜ಼ೆ ಮಾ ಸಹರ್‌ಗಾಹೆ ಬೀಸ್ತ್ ಒ ದೊವ್ವೊಮೆ ದೈ ಜಾನ್ ಬೆ ಜಾನ್‌ಆಫರೀನ್ ತಸ್ಲೀಮ್ ಕರ್ದಂದ್. ತಾ ಜ಼ೆಂದೆ ಬೂದಂದ್, ಹರ್ ಬಾಮ್‌ದಾದ್, ಪೀಶ್ ಅಜ಼್ ಆನ್ ಕೆ ಲಬ್ ಬೆ ಘಹ್ವೆ ಬೆಜ಼ನಂದ್, ಪಾಯೆ ಬೂತೆಯೆ ತೊಲ್ಸಿ ಆಬ್ ಮೀರೀಖ್ತಂದ್ ವ ದರ್ ಒತಾಘೆ ನಿಯಾಯೆಶ್ ಚೆರಾಘೀ ಮೀಅಫ್ರೂಖ್ತಂದ್. ಬೆ ಯಾದ್ ನದಾರೀಮ್ ಕಸೀ ಅಜ಼್ ದರೆ ಈನ್ ಖಾನೆ ಗೊರೊಸ್ನೆ ರಫ್ತೆ ಬಾಶದ್. ಅವ್ವಲೀನ್ ಸೊಖನೆಶಾನ್ ಈನ್ ಬೂದ್: “ಘಜ಼ಾ ಖೊರ್ದೀ, ಮಾದರ್?” ಈಶಾನ್ ಬರ್ ಗರ್ದನೆ ಮಾ ಹಘ್ಘೀ ದಾರಂದ್ ಕೆ ಹರ್ಗೆಜ಼್ ಅದಾ ನೆಮೀಶವದ್. ರೂಹೆಶಾನ್ ಶಾದ್ ವ ಯಾದೆಶಾನ್ ಗೆರಾಮೀ.’

ಎರಡು ಜಾಗಗಳಲ್ಲಿ ನಿಲ್ಲಬೇಕು. ‘ಋಣ’ಕ್ಕೆ ಸಾಲ ಎಂಬರ್ಥದ ‘ಘರ್ಜ಼್’ ಎಂದು ಹಾಕಿದರೆ ಬ್ಯಾಂಕಿನ ವಿಷಯವಾಗುತ್ತದೆ. ಫಾರ್ಸಿಯಲ್ಲಿ ಒಬ್ಬರಿಂದ ಉಪಕಾರ ಪಡೆದವರು, ಅವರ ಹಕ್ಕು ನಮ್ಮ ಕೊರಳಿನ ಮೇಲಿದೆ ಎನ್ನುತ್ತಾರೆ. ನಮ್ಮ ‘ಹಕ್ಕು’ ಅದೇ ಮೂಲದ್ದು. ತಂದೆತಾಯಿಗಳ, ಗುರುಗಳ ವಿಷಯದಲ್ಲಿ ಅಲ್ಲಿ ಇದನ್ನೇ ಹೇಳುವುದರಿಂದ ಆ ಸಾಲು ಕೇಳುತ್ತಲೇ ಮನಸ್ಸಿಗೆ ಹೋಗುತ್ತದೆ.

ಇನ್ನೊಂದು ಅಜ್ಜಿಯ ಮಾತು. ಕನ್ನಡದಲ್ಲಿ ಹಿರಿಯರು ಮೊಮ್ಮಗಳನ್ನು ತಾಯಿ ಎಂದು ಕರೆಯುವಂತೆ, ಇರಾನಿನಲ್ಲಿಯೂ ತಾಯಿ ಅಜ್ಜಿಯರು ಮಕ್ಕಳನ್ನು ಮಾತಿನ ಕೊನೆಗೆ ‘ಮಾದರ್’ ಎನ್ನುತ್ತಾರೆ, ಅಂದರೆ ತಾಯಿ ಎಂದೇ. ಉಳಿದ ಗದ್ಯವೆಲ್ಲ ಬರಹದ ಫಾರ್ಸಿಯಲ್ಲಿದ್ದರೂ ಈ ಒಂದು ವಾಕ್ಯವನ್ನು ಆಡುಮಾತಿನಲ್ಲಿಯೇ ಬಿಡಬೇಕು. ಅದನ್ನೂ ಗ್ರಾಂಥಿಕಗೊಳಿಸಿದರೆ ಅಜ್ಜಿ ಭಾಷಣ ಮಾಡಿದಂತಾಗುತ್ತದೆ.

ಗೌರವವಾಚಕವನ್ನು ಹೇಗೆ ಕಾಪಾಡುವುದು?

ಇಲ್ಲಿ ಕನ್ನಡಿಗರಿಗೆ ಅನುಕೂಲವಿದೆ. ನಾವು ‘ಅವರು ಬಂದರು’ ಎಂದು ಬಹುವಚನ ಹಾಕುವಂತೆ ಫಾರ್ಸಿಯಲ್ಲಿ ‘ಈಶಾನ್’ ಎಂಬ ಸರ್ವನಾಮಕ್ಕೆ ಬಹುವಚನದ ಕ್ರಿಯಾಪದ ಸೇರುತ್ತದೆ. ಮೇಲಿನ ಮಾದರಿಯಲ್ಲಿ ಅಜ್ಜಿಯ ಕ್ರಿಯೆಗಳೆಲ್ಲ ‘ಅಂದ್’ ಎಂದು ಮುಗಿದಿರುವುದು ಇದಕ್ಕೇ. ಎಡವುವುದು ಸಿದ್ಧವಾಕ್ಯಗಳಲ್ಲಿ. ಎಲ್ಲರ ಬಾಯಲ್ಲಿರುವ ರೂಪ ‘ರೂಹಶ್ ಶಾದ್’, ಅದು ಏಕವಚನ. ಉದ್ದಕ್ಕೂ ಅವರು ಎಂದು ಹೇಳಿ ಕೊನೆಯಲ್ಲಿ ಅವಳ ಆತ್ಮ ಎಂದಂತೆ ಕೇಳಬಾರದಾದ್ದರಿಂದ ‘ರೂಹೆಶಾನ್’ ಎಂದು ಬರೆಯಬೇಕು. ಮನೆಯಲ್ಲಿ ಅಜ್ಜಿಯನ್ನು ಪ್ರೀತಿಯಿಂದ ‘ನೀನು’ ಎಂದೇ ಕರೆಯುತ್ತಿದ್ದ ಮೊಮ್ಮಕ್ಕಳು ಬರೆದ ಮೂಲದಲ್ಲಿ ‘ಹೋದಳು, ಬಂದಳು’ ಎಂದಿದ್ದರೂ ಸಭೆಯಲ್ಲಿ ಓದುವ ಫಾರ್ಸಿಯಲ್ಲಿ ಬಹುವಚನವೇ ಇರಲಿ.

ಉರ್ದು ಚೆನ್ನಾಗಿ ಬಲ್ಲವರಿಂದ ಮಾಡಿಸಿದರೆ ಸಾಲದೆ?

ಲಿಪಿ ಹೆಚ್ಚುಕಡಿಮೆ ಒಂದೇ, ಪದಗಳೂ ಅರ್ಧಕ್ಕರ್ಧ ಪರಿಚಿತ. ಅಪಾಯ ಇರುವುದೇ ಆ ಪರಿಚಯದಲ್ಲಿ. ಉರ್ದುವಿನಲ್ಲಿ ಇಂತಕಾಲ್ ಎಂದರೆ ನಿಧನ. ಇಂದಿನ ಫಾರ್ಸಿಯಲ್ಲಿ ಅದೇ ಪದಕ್ಕೆ ವರ್ಗಾವಣೆ ಎಂದು ಅರ್ಥ, ಹೀಗಾಗಿ ಅಜ್ಜಿಗೆ ಬೇರೆ ಊರಿಗೆ ವರ್ಗವಾಯಿತು ಎಂದಂತಾಗುತ್ತದೆ. ಉರ್ದುವಿನ ಗರೀಬ್ ಬಡವ, ಫಾರ್ಸಿಯ ಘರೀಬ್ ಪರದೇಶಿ, ಪರಿಚಯವಿಲ್ಲದವನು. ಅಜ್ಜಿ ಬಡವರಿಗೆ ಊಟ ಹಾಕಿದ್ದನ್ನು ಹೇಳಲು ‘ನಿಯಾಜ಼್‌ಮಂದಾನ್’ ಬೇಕು. ಸಂತಾಪಕ್ಕೆ ಉರ್ದುವಿನವರು ತಾಜಿಯತ್ ಎಂದರೆ ಇರಾನಿನವರು ‘ತಸ್ಲಿಯತ್’ ಎನ್ನುತ್ತಾರೆ. ಉರ್ದು ಬಲ್ಲವರು ಮೊದಲ ಕರಡು ಮಾಡಲಿ, ಆದರೆ ಇರಾನಿನ ಫಾರ್ಸಿ ಮಾತನಾಡುವವರೊಬ್ಬರು ನೋಡದೆ ಅದನ್ನು ಓದಬಾರದು.

ಬೆಂಗಳೂರಿನಲ್ಲಿ ಅಂಥವರು ಸಿಗುವುದು ಕಷ್ಟವಲ್ಲ. ಶಿರಾಜಿನಿಂದ ಕುದುರೆ ವ್ಯಾಪಾರಕ್ಕೆ ಬಂದ ಆಗಾ ಅಲಿ ಅಸ್ಕರ್ ಹೆಸರಿನ ರಸ್ತೆ ಇಲ್ಲಿದೆ, 1926ರಿಂದ 1941ರವರೆಗೆ ಮೈಸೂರಿನ ದಿವಾನರಾಗಿದ್ದ ಮಿರ್ಜಾ ಇಸ್ಮಾಯಿಲ್ ಈ ಅಸ್ಕರ್ ಅವರ ಮೊಮ್ಮಗ. ರಿಚ್ಮಂಡ್ ಟೌನಿನ ಜಾನ್ಸನ್ ಮಾರುಕಟ್ಟೆಯ ಸುತ್ತ ಇರಾನಿ ಮೂಲದ ಮನೆತನಗಳ ನಂಟು ಹಳೆಯದು. ಆದರೆ ತಲೆಮಾರುಗಳಿಂದ ಇಲ್ಲಿಯೇ ಇರುವವರ ಮನೆಮಾತು ಈಗ ಫಾರ್ಸಿಯೇ ಆಗಿರಬೇಕೆಂದಿಲ್ಲ, ಕೇಳಿ ಖಚಿತಪಡಿಸಿಕೊಳ್ಳಿ.

ಅಜ್ಜಿ ಮುಸ್ಲಿಮರಾಗಿದ್ದರೆ?

ಆಗ ಮೇಲೆ ಬೇಡವೆಂದ ಮಾತುಗಳೇ ಬೇಕಾಗುತ್ತವೆ. ‘ಇನ್ನಾ ಲಿಲ್ಲಾಹಿ ವ ಇನ್ನಾ ಇಲೈಹಿ ರಾಜಿಊನ್’ ಎಂಬ ಕುರಾನಿನ ವಾಕ್ಯದಿಂದ ಆರಂಭಿಸಬೇಕು. ಕನ್ನಡ ಮೂಲದಲ್ಲಿ ಅದರ ತಾತ್ಪರ್ಯವಷ್ಟೇ ಇದ್ದರೆ, ಅದನ್ನು ಫಾರ್ಸಿಗೆ ಅನುವಾದಿಸದೆ ಅರಬ್ಬಿಯ ಮೂಲವನ್ನೇ ಇಡಬೇಕು. ಅಜ್ಜಿ ಹಜ್ ಮಾಡಿದ್ದರೆ ಹೆಸರಿನ ಹಿಂದೆ ‘ಹಾಜ್ಜಿಯೆ ಖಾನೊಮ್’ ಬರುತ್ತದೆ, ಕರ್ಬಲಾಕ್ಕೆ ಹೋಗಿಬಂದವರಿಗೆ ‘ಕರ್ಬಲಾಯೀ’ ಎನ್ನುವ ರೂಢಿಯಿದೆ. ಇವನ್ನು ಬಿಟ್ಟರೆ ಮನೆಯವರಿಗೆ ಅಗೌರವವೆನಿಸುತ್ತದೆ. ‘ಬೆ ರಹ್ಮತೆ ಈಜ಼ದೀ ಪೈವಸ್ತಂದ್’, ದೇವರ ಕರುಣೆಯನ್ನು ಸೇರಿದರು, ಎಂಬುದು ಇಲ್ಲಿ ಅತ್ಯಂತ ಸಹಜವಾದ ಸಾಲು. ಕೊನೆಯಲ್ಲಿ ಕೇಳುಗರನ್ನು ಕುರಾನಿನ ಮೊದಲ ಅಧ್ಯಾಯವಾದ ಫಾತೆಹೆ ಓದಲು ಕೋರಬೇಕು. ಶಿಯಾ ಮನೆತನದವರಾದರೆ, ಪುನರುತ್ಥಾನದ ದಿನ ಪ್ರವಾದಿಯವರ ಮಗಳು ಹಜ಼್ರತೆ ಜ಼ಹ್ರಾ ಅವರ ಜೊತೆ ಎದ್ದುಬರುವಂತಾಗಲಿ ಎಂಬ ಹಾರೈಕೆಯನ್ನು ಸೇರಿಸುವುದುಂಟು. ಅಜ್ಜಿ ಸುನ್ನಿಗಳಾಗಿದ್ದರೆ ಅದನ್ನು ಸೇರಿಸಬೇಡಿ, ಕೇಳುವ ಬೀಗರು ಶಿಯಾ ಆಗಿದ್ದರೂ ಸರಿಯೆ.

ಲಿಂಗಾಯತರ ಮನೆಯ ಅಜ್ಜಿಗೆ?

‘ಲಿಂಗೈಕ್ಯ’ಕ್ಕೆ ‘ಬೆ ಹಘ್ ಪೈವಸ್ತಂದ್’, ಪರಮಸತ್ಯವನ್ನು ಸೇರಿಕೊಂಡರು, ಎಂಬುದು ಬಹಳ ಹತ್ತಿರ ಬರುತ್ತದೆ. ಸೂಫಿಗಳ ಮಾತು ಬಲ್ಲ ಕೇಳುಗರಿಗೆ ಐಕ್ಯದ ಭಾವವೂ ತಟ್ಟುತ್ತದೆ. ಸಮಾಧಿ ಮಾಡುವ ಸಂಪ್ರದಾಯವಾದ್ದರಿಂದ ಮಣ್ಣಿಗೆ ಒಪ್ಪಿಸಲಾಯಿತು ಎಂದು ನೇರವಾಗಿ ಬರೆಯಬಹುದು.

ದಿನಾಂಕವನ್ನು ಬದಲಿಸಬೇಕೆ?

ಬದಲಿಸುವುದು ಒಳ್ಳೆಯದು, ಏಕೆಂದರೆ ಇರಾನಿನವರು ದಿನಗಳನ್ನು ನೆನಪಿಡುವುದು ತಮ್ಮ ಸೌರ ಪಂಚಾಂಗದಲ್ಲಿ. 2024ರ ಜನವರಿ 12 ಅಲ್ಲಿ 1402ರ ದೈ ತಿಂಗಳ 22. ಆದರೆ ಪ್ರತಿ ವರ್ಷವೂ ಇದೇ ಲೆಕ್ಕ ನಡೆಯದು. 2025ರ ಜನವರಿ 12, ಅಧಿಕ ದಿನದ ವ್ಯತ್ಯಾಸದಿಂದಾಗಿ, ದೈ 23 ಆಗಿತ್ತು. ಹುಟ್ಟಿದ ವರ್ಷ ಮಾತ್ರ ಗೊತ್ತಿದ್ದು ತಿಂಗಳು ತಿಳಿಯದಿದ್ದರೆ ಇನ್ನೂ ಎಚ್ಚರವಿರಲಿ. ಅವರ ಹೊಸ ವರ್ಷ ಮಾರ್ಚಿನಲ್ಲಿ ಆರಂಭವಾಗುವುದರಿಂದ 1938ರಲ್ಲಿ ಹುಟ್ಟಿದ ಅಜ್ಜಿಯ ವರ್ಷ 1316 ಆಗಿರಬಹುದು, 1317 ಕೂಡ ಆಗಿರಬಹುದು. ಹಾಗಿದ್ದಾಗ ವರ್ಷ ಬಿಟ್ಟು ವಯಸ್ಸನ್ನಷ್ಟೇ ಹೇಳಿ.

ಫಾರ್ಸಿ ಬಾರದ ಮೊಮ್ಮಗ ಕನ್ನಡ ಲಿಪಿಯಲ್ಲಿ ಬರೆದುಕೊಂಡು ಓದಬಹುದೆ?

ಓದಬಹುದು. ಮುಖ್ಯವಾಗಿ ಎರಡು ಪದಗಳನ್ನು ಬೆಸೆಯುವ ‘ಎ’ ಸ್ವರವನ್ನು ಬಿಡಬಾರದು. ಫಾರ್ಸಿ ಲಿಪಿಯಲ್ಲಿ ಅದನ್ನು ಸಾಮಾನ್ಯವಾಗಿ ಬರೆಯುವುದೇ ಇಲ್ಲ, ಓದುವವರು ತಾವೇ ಸೇರಿಸಿಕೊಳ್ಳುತ್ತಾರೆ. ‘ಮಾದರ್‌ಬೊಜ಼ೊರ್ಗೆ ಅಜ಼ೀಜ಼ೆ ಮಾ’ ಎಂಬಲ್ಲಿ ಆ ಸ್ವರಗಳು ಹೋದರೆ ಮೂರು ಬಿಡಿ ಪದಗಳಷ್ಟೇ ಉಳಿಯುತ್ತವೆ. ಜ ಮತ್ತು ಜ಼ ಎರಡನ್ನೂ ಬೇರೆಯಾಗಿ ಉಚ್ಚರಿಸಬೇಕು, ಖ ಗಂಟಲಿನಿಂದ ಬರಬೇಕು.

ಮುದ್ರಿಸಿ ಹಂಚುವುದಾದರೆ ಫಾರ್ಸಿ ಕೀಲಿಮಣೆಯನ್ನೇ ಬಳಸಿ. ಅರಬ್ಬಿ ಕೀಲಿಮಣೆಯ ಯ ಅಕ್ಷರದ ಸಂಕೇತ U+064A, ಫಾರ್ಸಿಯದು U+06CC. ಪದದ ಕೊನೆಯಲ್ಲಿ ಅರಬ್ಬಿಯದಕ್ಕೆ ಕೆಳಗೆ ಎರಡು ಚುಕ್ಕೆ ಮೂಡುತ್ತವೆ, ಇರಾನಿನವರ ಕಣ್ಣಿಗೆ ಅದು ಥಟ್ಟನೆ ಬೀಳುತ್ತದೆ.

ಅನುವಾದ ಸರಿಯಾಗಿದೆ ಎಂದು ಕನ್ನಡ ಮಾತ್ರ ಬಲ್ಲ ನಾವು ಹೇಗೆ ತಿಳಿಯುವುದು?

ಕನ್ನಡ ಬಾರದ, ನಿಮ್ಮ ಅಜ್ಜಿಯನ್ನು ಅರಿಯದ ಇರಾನಿನವರೊಬ್ಬರಿಗೆ ಅದನ್ನು ಓದಿ ಹೇಳಿ. ಆಮೇಲೆ ಅಜ್ಜಿಯ ಮತ ಯಾವುದು, ಅಂತ್ಯಕ್ರಿಯೆ ಹೇಗಾಯಿತು, ಅವರು ದಿನವೂ ಏನು ಮಾಡುತ್ತಿದ್ದರು ಎಂದು ಕೇಳಿ. ಮುಸ್ಲಿಮರಿರಬೇಕು ಎಂದು ಉತ್ತರ ಬಂದರೆ, ಯಾವ ಮಾತು ಕೇಳಿ ಹಾಗನ್ನಿಸಿತು ಎಂದು ಕೇಳಿ ಆ ಸಾಲನ್ನು ತಿದ್ದಬೇಕು. ದೇವರ ಸುದ್ದಿಯೇ ಇರಲಿಲ್ಲವಲ್ಲ ಎಂದರೂ ತಿದ್ದಬೇಕು.

ಬೀಗರು ಹೇಳುವ ಸಾಂತ್ವನಕ್ಕೆ ಏನು ಉತ್ತರಿಸಬೇಕು?

ಅವರು ಹೇಳುವ ‘ಘಮೆ ಆಖರೆತಾನ್ ಬಾಶದ್’ ಎಂಬುದಕ್ಕೆ ಇದೇ ನಿಮ್ಮ ಕೊನೆಯ ದುಃಖವಾಗಲಿ ಎಂದು ಅರ್ಥ. ‘ಖೊದಾ ರಹ್ಮತೆಶಾನ್ ಕೊನದ್’, ದೇವರು ಅವರಿಗೆ ಕರುಣೆ ತೋರಲಿ, ಎಂದೂ ಅವರು ಹೇಳಬಹುದು, ಅದಕ್ಕೆ ನೀವು ‘ಖೊದಾ ರಫ್ತೆಗಾನೆ ಶೊಮಾ ರಾ ಹಮ್ ಬಿಯಾಮೊರ್ಜ಼ದ್’, ನಿಮ್ಮ ಮನೆಯ ಗತಿಸಿದವರನ್ನೂ ದೇವರು ಕ್ಷಮಿಸಲಿ, ಎಂದು ಮರುಹಾರೈಸುವುದು ಪದ್ಧತಿ. ಅಜ್ಜಿಯ ಪಾಲಿನ ಮಣ್ಣಿನಷ್ಟು ನಿಮಗೆ ಆಯುಸ್ಸಾಗಲಿ ಎಂಬರ್ಥದ ಮಾತನ್ನೂ ಯಾರಾದರೂ ಹೇಳಿಯಾರು. ಅಗ್ನಿಸಂಸ್ಕಾರವಾಗಿದೆ ಎಂದು ತಿದ್ದಲು ಹೋಗಬೇಡಿ, ಅದು ಬಾಯಿಗೆ ಬರುವ ರೂಢಿಯ ಮಾತು.

ವರ್ಷಾಬ್ದಿಕಕ್ಕೆ ಇದೇ ಪಠ್ಯವನ್ನು ಮತ್ತೆ ಓದಬಹುದೆ?

ಓದಬಹುದು, ಮೊದಲ ಸಾಲಿಗೆ ‘ದರ್ ನೊಖೊಸ್ತೀನ್ ಸಾಲ್‌ಗರ್ದ್’, ಮೊದಲ ವಾರ್ಷಿಕದಂದು, ಎಂದು ಸೇರಿಸಬೇಕು. ನಾವು ತಿಥಿಯ ಪ್ರಕಾರ ಮಾಡುವುದರಿಂದ ದಿನ ಬೀಗರ ಪಂಚಾಂಗದ ದೈ 22ಕ್ಕೆ ಹೊಂದದೆ ಹೋಗಬಹುದು. ಅವರು ತಮ್ಮ ಲೆಕ್ಕದ ದಿನದಂದೇ ಫೋನ್ ಮಾಡುತ್ತಾರೆ, ಆದ್ದರಿಂದ ತಿಥಿ ಬೀಳುವ ದಿನವನ್ನು ಮುಂಚೆಯೇ ತಿಳಿಸಿಬಿಡಿ.